ಚಾನೆಲ್‌ಗೆ ಅವ್ವನ ಹೆಸರೋ, ಊರಿನ ಹೆಸರೋ?



ಅಕ್ಕಲಕೋಟ ಕಡೆಯ ಅಡುಗೆ ತೋರಿಸೋಕೆ ಒಂದು ಯೂಟ್ಯೂಬ್ ಚಾನೆಲ್ ಮಾಡಬೇಕು ಅನ್ನೋ ಮಾತು ನಮ್ಮಲ್ಲಿ ನಡೆದದ. ಹೆಸರು ಏನಿಡೋದು? ಒಂದು ದಾರಿ, 'ಉತ್ತರ ಕರ್ನಾಟಕ ಅಡುಗೆ' ಅನ್ನೋ ಥರ ವಿಷಯ ಹೇಳೋ ಹೆಸರು. ಇನ್ನೊಂದು, ಒಲೆ ಮುಂದೆ ಕೂಡೋ ಅವ್ವನ ಹೆಸರು. ಮಾತಿಗೆ 'ಕಾಶವ್ವನ ಒಲಿ' ಅಂತ ಇಟ್ಕೊಳ್ಳೋಣ.

ಮೊದಲನೇದು ನೋಡಿದ ಕೂಡ್ಲೇ ತಿಳೀತದ. ಆದರೆ ಅದೇ ಥರದ ಹೆಸರು ಬೇಕಾದಷ್ಟು ಅದಾವ. ನಮ್ಮ ವಿಡಿಯೋ ಇಷ್ಟಪಟ್ಟವರು ಮರುದಿನ ಹುಡುಕಿದ್ರೆ ಇನ್ನೊಬ್ಬರ ಮನೆಗೆ ಹೋಗ್ತಾರೆ. ಮೇಲಾಗಿ ಅಕ್ಕಲಕೋಟ ಇರೋದು ಸೋಲಾಪುರ ಜಿಲ್ಲೆಯಲ್ಲಿ. 'ಉತ್ತರ ಕರ್ನಾಟಕ' ಅಂದ್ರೆ ನಮ್ಮ ಊರು ಕಾಣೋದಿಲ್ಲ, 'ಸೋಲಾಪುರಿ' ಅಂದ್ರೆ ನಮ್ಮ ಕನ್ನಡ ಕಾಣೋದಿಲ್ಲ. ನಾಳೆ ಶೇಂಗಾ ಚಟ್ನಿ ಪ್ಯಾಕೆಟ್ ಮಾರೋ ಯೋಚನೆ ಇದ್ರೂ ತೊಡಕೇ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಬರೀ ಪದಾರ್ಥ ಮತ್ತು ಸ್ಥಳ ಹೇಳೋ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗೋದಿಲ್ಲ.

ಕಾಸರಗೋಡಿನ ಕನ್ನಡದ ಅಣ್ಣತಮ್ಮಂದಿರ 'ಭಟ್ ಎನ್ ಭಟ್' ನೋಡ್ರಿ. ಆ ಹೆಸರಿನಲ್ಲಿ ಅಡುಗೆಯೂ ಇಲ್ಲ, ಊರೂ ಇಲ್ಲ. ಆದರೂ ಒಮ್ಮೆ ಕೇಳಿದ್ರೆ ಮರೆಯೋದಿಲ್ಲ. ಯಾವ ಅಡುಗೆ ಅಂತ ಹೇಳೋ ಕೆಲಸ ವಿಡಿಯೋದ ಶೀರ್ಷಿಕೆಯದು. ಜನ ಹುಡುಕೋದೂ ಹೆಚ್ಚಾಗಿ ಪದಾರ್ಥದ ಹೆಸರನ್ನೇ.

ಆದ್ದರಿಂದ ನಾವು ಹೇಳೋದು ಇಷ್ಟು: ಚಾನೆಲ್‌ಗೆ ಅವ್ವನ ಹೆಸರು, ವಿಡಿಯೋಗೆ ಪದಾರ್ಥ ಮತ್ತು ಊರು. ಪುಂಡಿಪಲ್ಯ ಮಾಡಿದ್ರೆ ಶೀರ್ಷಿಕೆ ಹೀಗಿರಲಿ:

ಪುಂಡಿಪಲ್ಯ | ಅಕ್ಕಲಕೋಟ ಕಡೆಯ ರುಚಿ | Pundi Palya, Ambadi Bhaji

ನಮ್ಮ ಮರಾಠಿ ನೆರೆಯವರು ಇದೇ ಸೊಪ್ಪಿಗೆ ಅಂಬಾಡಿ ಅಂತಾರೆ. ಅವರು ಅಂಬಾಡಿ ಅಂತ ಹುಡುಕಿದ್ರೂ ಮೊದಲು ಕಾಣೋದು ಕನ್ನಡದ ಪುಂಡಿಪಲ್ಯ. ಆದೋನಿ, ರಾಯದುರ್ಗದ ಗೆಳೆಯರು ಅದೇ ಜಾಗದಲ್ಲಿ Gongura ಅಂತ ಹಾಕ್ರಿ.

ಅವ್ವನ ಹೆಸರಿಗೂ ಒಂದು ಮಿತಿ ಅದ. ಕಾಶವ್ವ ಅಡುಗೆ ಬಿಟ್ಟ ದಿನ ಚಾನೆಲ್ ಯಾರದು? ಅವರ ಒಪ್ಪಿಗೆ ಕೇಳ್ರಿ, ಹಣ ಬಂದ್ರೆ ಪಾಲು ಎಷ್ಟು ಅಂತ ಮೊದಲೇ ಬರೆದಿಡ್ರಿ. ನಾಲ್ಕಾರು ಮನೆಯವರು ಸೇರಿ ಅಡುಗೆ ಮಾಡೋದಾದ್ರೆ ಒಬ್ಬರ ಹೆಸರು ಬೇಡ. 'ಬುತ್ತಿಗಂಟು' ಥರ ಎಲ್ಲರಿಗೂ ಸೇರಿದ ಒಂದು ಮಾತು ಆರಿಸಿಕೊಳ್ರಿ.

ಕೊನೆಗೆ ಒಂದು ಪರೀಕ್ಷೆ. ಹೆಸರನ್ನ ಫೋನಿನಲ್ಲಿ ಐದು ಮಂದಿಗೆ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿ ಅನ್ರಿ. ಒಬ್ಬರು Kashavva, ಇನ್ನೊಬ್ಬರು Kaashavva, ಮತ್ತೊಬ್ಬರು Kasavva ಅಂತ ಬರೆದ್ರೆ ಹುಡುಕೋರಿಗೂ ಅದೇ ಗೊಂದಲ ಆಗ್ತದ. ಹೆಚ್ಚು ಮಂದಿ ಒಂದೇ ಥರ ಬರೆಯೋ ಹೆಸರು ಸಿಕ್ಕ ಮೇಲೆ, ಅದೇ ಹೆಸರಿನ ಚಾನೆಲ್ ಬೇರೆ ಯಾರದಾದ್ರೂ ಅದನೋ ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡ್ರಿ. ಇಲ್ಲ ಅಂದ್ರೆ ಒಲೆ ಹಚ್ರಿ.