ಕೋಷ್ಟಕದ ತಲೆಬರಹವನ್ನು ಮೊದಲು ಓದಿರಿ



ಕೆರೆಗೆ ವರ್ಷದಲ್ಲಿ ಹರಿದುಬರುವ ನೀರು ಬೇರೆ, ಒಂದು ದಿನ ಅದರಲ್ಲಿ ನಿಂತಿರುವ ನೀರು ಬೇರೆ. ರೋಗದ ಲೆಕ್ಕವೂ ಹಾಗೆಯೇ. ವರ್ಷದೊಳಗೆ ಹೊಸದಾಗಿ ರೋಗಕ್ಕೆ ತುತ್ತಾದವರ ಪ್ರಮಾಣ ಇನ್ಸಿಡೆನ್ಸ್. ಒಂದು ದಿನದಂದು ರೋಗಿಗಳಾಗಿರುವ ಹಳಬರು, ಹೊಸಬರೆಲ್ಲರ ಪ್ರಮಾಣ ಪ್ರಿವಲೆನ್ಸ್.

ಭಾರತದ 2015-16ರ ಕುಷ್ಠರೋಗ ಕೋಷ್ಟಕವನ್ನು ನೋಡಿರಿ. ಹೊಸ ಪ್ರಕರಣಗಳ ದರ 9.71, ವರ್ಷಾಂತ್ಯದಲ್ಲಿ ಚಿಕಿತ್ಸೆಯಲ್ಲಿದ್ದವರ ದರ 0.66. ಅಂಕಣದ ತಲೆಬರಹ ಓದದವರು ಎಡವುವುದು ಇಲ್ಲಿಯೇ. ಮೊದಲನೆಯದು ಲಕ್ಷ ಜನಕ್ಕೆ, ಎರಡನೆಯದು ಹತ್ತು ಸಾವಿರಕ್ಕೆ. ಎರಡನ್ನೂ ಲಕ್ಷಕ್ಕೆ ತಂದರೆ 9.71 ಮತ್ತು 6.6.

ಆದರೂ ನಿಂತ ನೀರು ಹರಿದುಬಂದುದಕ್ಕಿಂತ ಕಡಿಮೆ ಏಕೆ? ಚಿಕಿತ್ಸೆ ಮುಗಿದವರ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. 6.6ನ್ನು 9.71ರಿಂದ ಭಾಗಿಸಿದರೆ 0.68 ವರ್ಷ, ಎಂದರೆ ಸುಮಾರು ಎಂಟು ತಿಂಗಳು. ಬಹುಔಷಧ ಚಿಕಿತ್ಸೆ ಕೆಲವರಿಗೆ 6 ತಿಂಗಳು, ಉಳಿದವರಿಗೆ 12, ಲೆಕ್ಕ ಹೊಂದಿತು.

ತೊಡಕು ಇರುವುದೂ ಇದರಲ್ಲಿಯೇ. ಹಿಂದೆ 24 ತಿಂಗಳಿದ್ದ ಚಿಕಿತ್ಸೆಯನ್ನು 12ಕ್ಕೆ ಇಳಿಸಿದರೆ, ಒಬ್ಬರಿಗೂ ಸೋಂಕು ತಪ್ಪದಿದ್ದರೂ ಪ್ರಿವಲೆನ್ಸ್ ಇಳಿಯುತ್ತದೆ. 2005ರ ಡಿಸೆಂಬರಿನಲ್ಲಿ ಅದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದಾಗ ‘ನಿರ್ಮೂಲನೆ’ ಎಂದು ಸಾರಲಾಯಿತು. ಆ ಪದ ದಾರಿ ತಪ್ಪಿಸುವಂಥದು: 2015-16ರಲ್ಲಿಯೂ ಸುಮಾರು 1.27 ಲಕ್ಷ ಹೊಸ ರೋಗಿಗಳು ದೊರೆತರು.

ಆ 9.71 ಕೂಡ ಪತ್ತೆಯಾದವರ ದರವಷ್ಟೇ. ಮನೆಮನೆಗೆ ಹೋಗಿ ಹುಡುಕದಿದ್ದರೆ ಅದೂ ಇಳಿಯುತ್ತದೆ. ಆದುದರಿಂದ ಪಕ್ಕದ ಅಂಕಣವನ್ನೂ ಓದಬೇಕು. ಹೊಸ ರೋಗಿಗಳಲ್ಲಿ ಕೈಕಾಲು ಆಗಲೇ ಊನಗೊಂಡವರ ಪಾಲು ಏರಿದ್ದರೆ, ಪತ್ತೆ ತಡವಾಗುತ್ತಿದೆ ಎಂದರ್ಥ. ಅವರಲ್ಲಿ ಮಕ್ಕಳಿದ್ದರೆ ಸೋಂಕು ಇನ್ನೂ ಹರಡುತ್ತಿದೆ.