ಬೆಳ್ಳಕ್ಕಿಯ ಬಿಳುಪು, ನೀರುಕಾಗೆಯ ಕಪ್ಪು



ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯುವವರಿಗೆ ಒಂದೇ ಬೆಳಗಿನಲ್ಲಿ ಎರಡು ವಿರುದ್ಧ ತೊಂದರೆಗಳು ಎದುರಾಗುತ್ತವೆ. ನೆರಳು ಬಿದ್ದ ನೀರಿನ ಮುಂದೆ ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿ ಚಿತ್ರದಲ್ಲಿ ಸುಣ್ಣದ ಕಲೆಯಂತಾಗುತ್ತದೆ. ನಡುಗಡ್ಡೆಯ ಮರದ ತುದಿಯಲ್ಲಿ ಕುಳಿತ ನೀರುಕಾಗೆಯಾದರೋ ಆಗಸದೆದುರು ಬರಿಯ ಕಪ್ಪು ಆಕೃತಿಯಾಗುತ್ತದೆ. ಮೊದಲನೆಯದರಲ್ಲಿ ಗರಿಯಿಲ್ಲ, ಎರಡನೆಯದರಲ್ಲಿ ಕಣ್ಣೂ ಇಲ್ಲ. ಹಕ್ಕಿಯನ್ನು ಗುರುತಿಸುವ ದಾಖಲೆಯಾಗಿ ಇವೆರಡೂ ನಿಷ್ಪ್ರಯೋಜಕ.

ಇದಕ್ಕೆ ಕಾರಣ ಕ್ಯಾಮೆರಾದ ಬೆಳಕುಮಾಪಕ. ತನ್ನೆದುರಿನ ವಸ್ತು ಬಿಳಿಯೋ ಕಪ್ಪೋ ಎಂಬುದು ಅದಕ್ಕೆ ತಿಳಿಯದು. ಒಟ್ಟು ದೃಶ್ಯವನ್ನು ನಡುವಣ ಬೂದುಬಣ್ಣಕ್ಕೆ ತರುವುದೇ ಅದರ ಲೆಕ್ಕಾಚಾರ. ಚೌಕಟ್ಟಿನ ಬಹುಪಾಲು ಕಪ್ಪು ನೀರಿದ್ದರೆ ಅದು ಬೆಳಕನ್ನು ಹೆಚ್ಚಿಸುತ್ತದೆ, ಬಹುಪಾಲು ಆಗಸವಿದ್ದರೆ ತಗ್ಗಿಸುತ್ತದೆ. ಎರಡು ಸಂದರ್ಭಗಳಲ್ಲಿಯೂ ದಂಡ ತೆರುವುದು ಹಕ್ಕಿಯೇ.

ಈ ಲೆಕ್ಕವನ್ನು ನಾವು ತಿದ್ದುವ ಸಾಧನವೇ ಎಕ್ಸ್‌ಪೋಷರ್ ಕಾಂಪನ್ಸೇಷನ್. ಕ್ಯಾಮೆರಾದಲ್ಲಿ +/- ಎಂಬ ಗುರುತಿರುವ ಗುಂಡಿ ಅದು. ಒಂದು ಅಂಕ ಇಳಿಸಿದರೆ ಬೆಳಕು ಅರ್ಧವಾಗುತ್ತದೆ, ಏರಿಸಿದರೆ ಇಮ್ಮಡಿಯಾಗುತ್ತದೆ. ಬೆಳ್ಳಕ್ಕಿಗೆ ಕ್ಯಾಮೆರಾ 1/500 ಸೆಕೆಂಡು ಆರಿಸಿತೆನ್ನಿ. A ವಿಧಾನದಲ್ಲಿ, ಐಎಸ್ಒ ಬದಲಾಗದಂತೆ ಇರಿಸಿ, -1 ಕೊಟ್ಟರೆ ಅದು 1/1000 ಆಗುತ್ತದೆ. ಗರಿಗಳ ಎಳೆ ಮರಳುತ್ತದೆ.

ಎಷ್ಟು ಇಳಿಸಬೇಕು? ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಕಣ್ಣನ್ನು ವಂಚಿಸುತ್ತದೆ. ಆದ್ದರಿಂದ ಹಿಸ್ಟೋಗ್ರಾಮ್ ನೋಡಬೇಕು. ಈ ನಕ್ಷೆಯ ಎಡತುದಿ ಕಪ್ಪು, ಬಲತುದಿ ಬಿಳಿ. ಎತ್ತರವು ಆಯಾ ಛಾಯೆಯ ಚುಕ್ಕಿಗಳ ಸಂಖ್ಯೆಯನ್ನು ತೋರಿಸುತ್ತದೆ. ಗೆರೆ ಬಲಗೋಡೆಗೆ ಒತ್ತಿ ನಿಂತಿದ್ದರೆ ಅಷ್ಟು ಭಾಗದ ವಿವರ ನಷ್ಟವಾಗಿದೆ. ಬಳಿಕ ಕಂಪ್ಯೂಟರಿನಲ್ಲಿ ಮಬ್ಬುಗೊಳಿಸಿದರೂ ಬೂದು ಕಲೆಯಷ್ಟೇ ಉಳಿದೀತು. ಹಕ್ಕಿ ಚಿಕ್ಕದಿದ್ದರೆ ಆ ಗೆರೆ ಕೂದಲಿನಷ್ಟು ತೆಳುವಾಗಿ ಕಣ್ಣಿಗೆ ಬೀಳದೆ ಹೋಗಬಹುದು. ಆಗ ಸುಟ್ಟುಹೋದ ಬಿಳುಪನ್ನು ಮಿನುಗಿಸಿ ತೋರಿಸುವ ಎಚ್ಚರಿಕೆಯನ್ನು ಚಾಲೂ ಮಾಡಿ, ಹಕ್ಕಿಯ ಮೈ ಮಿನುಗುವುದು ನಿಲ್ಲುವವರೆಗೆ ಮೂರನೆಯ ಒಂದು ಅಂಕದಂತೆ ಇಳಿಸುತ್ತ ಹೋಗಿ.

ನೀರುಕಾಗೆಗೆ ಇದರ ವಿರುದ್ಧ: +1ರಿಂದ ತೊಡಗಿ, ಕಣ್ಣು ಕೊಕ್ಕುಗಳು ತೋರುವವರೆಗೆ ಏರಿಸಿ. ಆಗ ಹಿಸ್ಟೋಗ್ರಾಮ್ ಬಲಗೋಡೆಗೆ ತಾಗಬಹುದು. ಅಂಜಬೇಡಿ, ಅಲ್ಲಿ ನಷ್ಟವಾದದ್ದು ಆಗಸ. ಗೆರೆ ಗೋಡೆಗೆ ತಾಗಿತೇ ಎಂಬುದಕ್ಕಿಂತ, ತಾಗಿದ್ದು ಯಾವುದು ಎಂಬುದೇ ಮುಖ್ಯ ಪ್ರಶ್ನೆ. ಹಕ್ಕಿ ಮತ್ತು ಆಗಸ ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳುವುದು ಹಲವು ವೇಳೆ ಅಸಾಧ್ಯ.

ಕೊನೆಯದಾಗಿ, ಈ ತಿದ್ದುಪಡಿ ತಾನಾಗಿ ಅಳಿಯದು. ನೀರುಕಾಗೆಗೆ ಕೊಟ್ಟ +1 ಹಾಗೆಯೇ ಉಳಿದರೆ ಮುಂದಿನ ಬೆಳ್ಳಕ್ಕಿ ಮೊದಲಿಗಿಂತಲೂ ಕೆಟ್ಟೀತು. ಪ್ರತಿ ಬಾರಿಯೂ ಸೊನ್ನೆಗೆ ಮರಳಿಸಿ. ನಮ್ಮ ಗದ್ದೆಯ ಕೆಸರಿನಲ್ಲಿ ನಿಂತ ಬೆಳ್ಳಕ್ಕಿಗೂ ಲೆಕ್ಕ ಇದೇ: ಹಿನ್ನೆಲೆ ಕಪ್ಪಾದರೆ ಇಳಿಸಿ, ಬೆಳಗಿದರೆ ಏರಿಸಿ.