ಉಲ್ಲೇಖದ ಸಾಲು

ಶಿವಮೊಗ್ಗ ಮತ್ತು ಭದ್ರಾವತಿಯ ಕಚೇರಿಗಳಿಗೆ ಇಂಟರ್ನ್‌ಗಳಾಗಿ ಹೋಗಲು ಸಿದ್ಧರಾಗಿರುವ ವಿದ್ಯಾರ್ಥಿಗಳೇ,

ಸರ್ಕಾರಿ ಪತ್ರವೊಂದರಲ್ಲಿ 'ವಿಷಯ' ಎಂಬ ಸಾಲಿನ ಕೆಳಗೆ 'ಉಲ್ಲೇಖ' ಎಂಬ ಇನ್ನೊಂದು ಸಾಲು ಇರುತ್ತದೆ. ಹಿಂದೆ ಈ ವಿಷಯದಲ್ಲಿ ಯಾರು ಯಾರಿಗೆ, ಯಾವ ಸಂಖ್ಯೆಯಲ್ಲಿ, ಯಾವ ದಿನಾಂಕದಂದು ಬರೆದಿದ್ದರು ಎಂಬುದನ್ನು ಅಲ್ಲಿ ಹೇಳಬೇಕು. ಓದುವವರು ಸಾಮಾನ್ಯವಾಗಿ ಇದನ್ನು ದಾಟಿಕೊಂಡು ಒಕ್ಕಣೆಗೆ ಹೋಗುತ್ತಾರೆ. ಬರೆಯುವವರೂ ಹಳೆಯ ಪತ್ರವೊಂದನ್ನು ಮುಂದಿಟ್ಟುಕೊಂಡು ಅಲ್ಲಿದ್ದದ್ದನ್ನೇ ನಕಲು ಮಾಡುವುದುಂಟು. ನಾನು ಇವತ್ತು ಈ ಒಂದು ಸಾಲಿನ ಬಗ್ಗೆಯೇ ಮಾತಾಡಬೇಕೆಂದು ಬಂದಿದ್ದೇನೆ. ಸ್ವೀಕೃತಿ ವಹಿ, ಟಿಪ್ಪಣಿ ಹಾಳೆ, ರವಾನೆ ವಹಿ, ಈ ಮೂರನ್ನೂ ಒಂದಕ್ಕೊಂದು ಕಟ್ಟುವುದು ಆ ಸಾಲೇ. ಅದು ಸಡಿಲವಾದರೆ ಕಾಗದ ಕಚೇರಿಯಲ್ಲೇ ಇರುತ್ತದೆ, ಆದರೆ ಯಾರ ಕೈಗೂ ಸಿಗುವುದಿಲ್ಲ.

ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ನೋಡೋಣ. ಭದ್ರಾವತಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಂಚಿನ ಮಾಡಿನ ಎರಡು ಕೊಠಡಿಗಳು ಸೋರುತ್ತಿವೆ. ಮಳೆ ಹಿಡಿಯುವ ಮುಂಚೆ ರಿಪೇರಿ ಆಗಲಿ ಎಂದು ಮುಖ್ಯೋಪಾಧ್ಯಾಯರು ಭದ್ರಾವತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಜೂನ್ 3ರಂದು ಮನವಿ ಬರೆಯುತ್ತಾರೆ. ಅದನ್ನು ಲಗತ್ತಿಸಿ ಬಿಇಒ ಕಚೇರಿ ಜೂನ್ 7ರಂದು ಶಿವಮೊಗ್ಗದ ಉಪನಿರ್ದೇಶಕರ ಕಚೇರಿಗೆ ಪತ್ರ ಕಳಿಸುತ್ತದೆ. ನೀವು ಆ ಉಪನಿರ್ದೇಶಕರ ಕಚೇರಿಯಲ್ಲಿ ಇಂಟರ್ನ್ ಎಂದುಕೊಳ್ಳಿ.

ಟಪಾಲು ಬಂದ ತಕ್ಷಣ ಸ್ವೀಕೃತಿ ಮೊಹರು ಬೀಳುತ್ತದೆ. ಮೊಹರಿನಲ್ಲಿ ದಿನಾಂಕವಿರುತ್ತದೆ, ಸಂಖ್ಯೆಯನ್ನು ಕೈಯಲ್ಲಿ ಬರೆಯುತ್ತಾರೆ. ಅದೇ ಸಂಖ್ಯೆ ಸ್ವೀಕೃತಿ ವಹಿಯಲ್ಲಿ ಏರುತ್ತದೆ. ಈ ವಹಿಯನ್ನು ಹಲವು ಕಚೇರಿಗಳಲ್ಲಿ ಇವತ್ತಿಗೂ ಆವಕ ಎಂದೇ ಕರೆಯುತ್ತಾರೆ. ಅಲ್ಲಿಯ ಅಂಕಣಗಳು ಸರಳ: ಬಂದ ದಿನ, ಯಾರಿಂದ, ಅವರ ಪತ್ರದ ಸಂಖ್ಯೆ ಮತ್ತು ದಿನಾಂಕ, ವಿಷಯ, ಯಾವ ವಿಷಯ ನಿರ್ವಾಹಕರಿಗೆ, ಪಡೆದವರ ಸಹಿ. ಅಧಿಕಾರಿಗಳು ಟಪಾಲು ನೋಡಿ ಚಿಕ್ಕ ಸಹಿ ಹಾಕಿದ ಮೇಲೆ ಕಾಗದ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಅವರು ತಮ್ಮ ವಹಿಯಲ್ಲಿ ಅದನ್ನು ಬರೆದುಕೊಂಡು, ಈ ವಿಷಯಕ್ಕೆ ಹಳೆಯ ಕಡತವಿದೆಯೇ ಎಂದು ನೋಡುತ್ತಾರೆ. ಇಲ್ಲದಿದ್ದರೆ ಹೊಸ ಕಡತ ತೆರೆದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯಲ್ಲಿ ಶಾಖೆಯ ಗುರುತು, ಕ್ರಮಾಂಕ, ವರ್ಷ ಇರುತ್ತವೆ. ನಮ್ಮ ಪ್ರಕರಣದಲ್ಲಿ ಹೊಸ ಕಡತ ತೆರೆಯಿತು. ಅಂದಾಜು ಪಟ್ಟಿ ಮತ್ತು ಛಾಯಾಚಿತ್ರ ಕಳಿಸಿ ಎಂದು ಜೂನ್ 18ರಂದು ಬಿಇಒ ಅವರಿಗೆ ಜ್ಞಾಪನ ಹೋಯಿತು. ಅಲ್ಲಿಯವರೆಗೆ ಎಲ್ಲವೂ ಸರಿ.

ಬಿಇಒ ಕಚೇರಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಬರೆದು ಅಂದಾಜು ಪಟ್ಟಿ ತರಿಸಿತು. ಎರಡು ಕೊಠಡಿಗೆ 3.40 ಲಕ್ಷ ರೂಪಾಯಿ. ಜುಲೈ 22ರಂದು ಅದನ್ನು ಶಿವಮೊಗ್ಗಕ್ಕೆ ಕಳಿಸಿತು. ಆ ಪತ್ರದ ಉಲ್ಲೇಖದಲ್ಲಿ ಇಂಜಿನಿಯರರ ಪತ್ರದ ಸಂಖ್ಯೆ ಮಾತ್ರ ಇತ್ತು. ಉಪನಿರ್ದೇಶಕರ ಜೂನ್ 18ರ ಜ್ಞಾಪನದ ಸಂಖ್ಯೆ ಇರಲಿಲ್ಲ.

ಮುಂದೇನಾಗುತ್ತದೆ ಎಂಬುದನ್ನು ನಿಧಾನವಾಗಿ ಗಮನಿಸಿ. ಟಪಾಲು ನೋಡುವ ಸಿಬ್ಬಂದಿಗೆ ಇದು ಯಾವುದೋ ಹೊಸ ಅಂದಾಜು ಪಟ್ಟಿಯಂತೆ ಕಾಣುತ್ತದೆ. ಅವರು ಅದನ್ನು ಬೇರೊಬ್ಬ ನಿರ್ವಾಹಕರ ಹೆಸರಿಗೆ ಹಾಕುತ್ತಾರೆ. ಆ ನಿರ್ವಾಹಕರ ಬಳಿ ಹಳೆಯ ಕಡತವಿಲ್ಲ, ಆದ್ದರಿಂದ ಅವರು ಇನ್ನೊಂದು ಕಡತ ತೆರೆಯುತ್ತಾರೆ. ಈಗ ಒಂದೇ ಶಾಲೆಯ ಒಂದೇ ಮಾಡಿಗೆ ಎರಡು ಕಡತಗಳಾದವು. ಒಂದರಲ್ಲಿ ಮನವಿ ಇದೆ, ಅಂದಾಜು ಇಲ್ಲ. ಇನ್ನೊಂದರಲ್ಲಿ ಅಂದಾಜು ಇದೆ, ಮನವಿ ಇಲ್ಲ. ಮೊದಲ ನಿರ್ವಾಹಕರು 'ಅಂದಾಜು ಪಟ್ಟಿ ಈವರೆಗೂ ಸ್ವೀಕೃತವಾಗಿರುವುದಿಲ್ಲ' ಎಂದು ನೆನಪೋಲೆ ಕಳಿಸುತ್ತಾರೆ. ಭದ್ರಾವತಿಯವರು 'ಈಗಾಗಲೇ ಸಲ್ಲಿಸಲಾಗಿದೆ' ಎಂದು ಉತ್ತರಿಸುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಆಗಸ್ಟ್ ಕಳೆಯುತ್ತದೆ. ಮಲೆನಾಡಿನ ಅಂಚಿನ ಆ ಶಾಲೆಯಲ್ಲಿ ಮಕ್ಕಳು ಒಣಗಿದ ಮೂಲೆಗೆ ಸರಿದು ಕೂರುತ್ತಾರೆ. ಇದನ್ನು ಯಾರೋ ಬೇಕೆಂದೇ ತಡೆದರು ಎಂದು ಊರಿನವರಿಗೆ ಅನಿಸುವುದು ಸಹಜ. ಆದರೆ ಇಂಥ ವಿಳಂಬಗಳಲ್ಲಿ ದುರುದ್ದೇಶಕ್ಕಿಂತ ತಪ್ಪಿದ ಉಲ್ಲೇಖದ ಪಾಲು ದೊಡ್ಡದು ಎಂಬುದು ನನ್ನ ನಂಬಿಕೆ.

ಇಲ್ಲಿ ಇಂಟರ್ನ್ ಮಾಡಬಹುದಾದ ಕೆಲಸ ನಿಜಕ್ಕೂ ದೊಡ್ಡದು. ಮೊದಲು ಭದ್ರಾವತಿಯ ರವಾನೆ ವಹಿಯಲ್ಲಿ ಜುಲೈ 22ರ ಪತ್ರದ ಸಂಖ್ಯೆ ಕೇಳಿ ಬರೆದುಕೊಳ್ಳಿ. ಎರಡೂ ಊರುಗಳು ಹತ್ತಿರವಾದ್ದರಿಂದ ಇಂಥ ಪತ್ರಗಳು ಅಂಚೆಯ ಬದಲು ಮುದ್ದಾಂ ಆಗಿ ಬರುವುದು ಸಾಮಾನ್ಯ. ಹಾಗಿದ್ದರೆ ಅವರ ಮುದ್ದಾಂ ವಹಿಯಲ್ಲಿ ನಿಮ್ಮ ಕಚೇರಿಯವರ ಸಹಿ ಮತ್ತು ದಿನಾಂಕ ಇರುತ್ತದೆ. ಆ ದಿನಾಂಕ ಹಿಡಿದು ನಿಮ್ಮ ಸ್ವೀಕೃತಿ ವಹಿಯ ಆ ಒಂದೆರಡು ಪುಟಗಳನ್ನು ಮಾತ್ರ ನೋಡಿ. 'ಯಾರಿಂದ' ಎಂಬ ಅಂಕಣದಲ್ಲಿ ಭದ್ರಾವತಿ ಸಿಕ್ಕ ಕಡೆ ಬೆರಳಿಟ್ಟು ಬಲಕ್ಕೆ ಬಂದರೆ ಕೊನೆಯ ಅಂಕಣದಲ್ಲಿ ಎರಡನೆಯ ನಿರ್ವಾಹಕರ ಸಹಿ ಸಿಗುತ್ತದೆ. ವಿಷಯದ ಅಂಕಣ ನೋಡಿ ಹುಡುಕಲು ಹೋಗಬೇಡಿ. 'ಕಟ್ಟಡ ದುರಸ್ತಿ ಬಗ್ಗೆ' ಎಂಬ ನಮೂದು ಅಲ್ಲಿ ಪುಟಕ್ಕೆ ನಾಲ್ಕಿರಬಹುದು. ಗಣಕದಲ್ಲಿ ಇಂಗ್ಲಿಷಿನಲ್ಲಿ ನಮೂದಿಸಿದ ಪಟ್ಟಿಯಿದ್ದರೆ ಇನ್ನೊಂದು ಎಚ್ಚರ ಬೇಕು. ನಮ್ಮ ಜಿಲ್ಲೆಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ನಮೂದು ಹಳೆಯ ಕಾಗುಣಿತದಲ್ಲಿರುತ್ತದೆ. ಭದ್ರಾವತಿಯನ್ನಂತೂ ಇಂಗ್ಲಿಷಿನಲ್ಲಿ ಇಂದಿಗೂ ಎರಡು ರೀತಿ ಬರೆಯುತ್ತಾರೆ. ಒಂದೇ ಕಾಗುಣಿತದಲ್ಲಿ ಹುಡುಕಿ ಕಾಗದವೇ ಇಲ್ಲ ಎಂದುಬಿಡಬಾರದು.

ಎರಡು ಕಡತ ಸಿಕ್ಕ ಮೇಲೆ ಎರಡನೆಯದರ ಕಾಗದಗಳನ್ನು ಕಿತ್ತು ಮೊದಲನೆಯದಕ್ಕೆ ಸುಮ್ಮನೆ ಸೇರಿಸುವಂತಿಲ್ಲ. ವಿಲೀನಕ್ಕೆ ಟಿಪ್ಪಣಿ ಬರೆದು ಅನುಮೋದನೆ ಪಡೆಯಬೇಕು, ಕಡತ ವಹಿಯಲ್ಲಿ ಎರಡೂ ಸಂಖ್ಯೆಗಳ ಎದುರು ಅದನ್ನು ನಮೂದಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಎರಡನೆಯ ಕಡತ ಎಲ್ಲಿ ಹೋಯಿತು ಎಂಬ ಹುಡುಕಾಟ ಶುರುವಾಗುತ್ತದೆ.

ಇನ್ನು ಟಿಪ್ಪಣಿ. ಟಿಪ್ಪಣಿ ಹಾಳೆಯ ಕಂಡಿಕೆಗಳಿಗೆ ಕಡತ ತೆರೆದ ದಿನದಿಂದ ಮುಗಿಯುವವರೆಗೆ ಒಂದೇ ಸರಣಿಯ ಸಂಖ್ಯೆ ಇರುತ್ತದೆ. ಪತ್ರ ವ್ಯವಹಾರದ ಭಾಗಕ್ಕೆ ಪುಟ ಸಂಖ್ಯೆ ಬೇರೆ. ಟಿಪ್ಪಣಿಯಲ್ಲಿ ಪತ್ರವನ್ನು ಹೇಳುವಾಗ ಅದರ ಪುಟ ಸಂಖ್ಯೆ ಕೊಡಬೇಕು. ಅದು ಕಡತದ ಒಳಗಿನ ಉಲ್ಲೇಖ. ನಾವು ಹೆಚ್ಚಾಗಿ ಕಾಣುವ ಟಿಪ್ಪಣಿ ಹೀಗಿರುತ್ತದೆ: 'ಭದ್ರಾವತಿ ಬಿಇಒ ಅವರ ಪತ್ರವನ್ನು ಅವಗಾಹಿಸಬಹುದು. ಮುಂದಿನ ಆದೇಶಕ್ಕಾಗಿ ಮಂಡಿಸಿದೆ.' ಇದನ್ನು ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಅವರು 'ಚರ್ಚಿಸಿ' ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ಚರ್ಚೆ ನಡೆಯುತ್ತದೆ, ಆದರೆ ಅಲ್ಲಿ ಏನು ತೀರ್ಮಾನವಾಯಿತು ಎಂಬುದನ್ನು ಯಾರೂ ಬರೆಯುವುದಿಲ್ಲ. ಅಧಿಕಾರಿ ವರ್ಗವಾದರೆ ಕಡತ ಮತ್ತೆ ಮೊದಲಿಗೆ ಬರುತ್ತದೆ.

ಅದೇ ಟಿಪ್ಪಣಿಯನ್ನು ಹೀಗೆ ಬರೆದರೆ:

'9. ಪುಟ 3ರಲ್ಲಿನ ಮನವಿಯಂತೆ ಶಾಲೆಯ ಎರಡು ಕೊಠಡಿಗಳ ಮಾಡು ಸೋರುತ್ತಿದೆ. ಈ ಕಚೇರಿಯ ದಿನಾಂಕ 18.06ರ ಜ್ಞಾಪನದಲ್ಲಿ (ಪುಟ 6) ಅಂದಾಜು ಪಟ್ಟಿ ಕೇಳಲಾಗಿತ್ತು.
10. ಅಂದಾಜು ಪಟ್ಟಿಯು ದಿನಾಂಕ 22.07ರ ಪತ್ರದೊಂದಿಗೆ ಬಂದಿದ್ದು, ಬೇರೆ ಕಡತದಲ್ಲಿ ನಿರ್ವಹಣೆಯಾಗಿರುತ್ತದೆ. ಸದರಿ ಕಡತವನ್ನು ಇದರೊಂದಿಗೆ ಮಂಡಿಸಿದೆ. ಮೊತ್ತ ರೂ. 3.40 ಲಕ್ಷ (ಸದರಿ ಕಡತದ ಪುಟ 11).
11. ಸಲ್ಲಿಸಬೇಕಿದ್ದ ಛಾಯಾಚಿತ್ರಗಳು ಬಂದಿರುವುದಿಲ್ಲ.
12. ಒಪ್ಪಿದಲ್ಲಿ, (ಅ) ಎರಡೂ ಕಡತಗಳನ್ನು ವಿಲೀನಗೊಳಿಸಲು, (ಆ) ಅನುದಾನ ಕೋರಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬರೆಯಲು, (ಇ) ಛಾಯಾಚಿತ್ರ ಸಲ್ಲಿಸಲು ಬಿಇಒ ಅವರಿಗೆ ಸೂಚಿಸಲು ಅನುಮೋದನೆ ಕೋರಿದೆ. ಕರಡುಗಳನ್ನು ಮಂಡಿಸಿದೆ.'

ಇದರ ಕೆಳಗೆ ಅಧಿಕಾರಿ 'ಅನುಮೋದಿಸಿದೆ' ಎಂದು ಸಹಿ ಮಾಡಿ ದಿನಾಂಕ ಹಾಕಬಹುದು. ಬೇಡವೆಂದರೆ ಯಾವುದು ಬೇಡ ಎಂಬುದನ್ನೂ ಹೇಳಬಹುದು. ಮೂರು ಪ್ರಸ್ತಾವಗಳನ್ನು ಬೇರೆ ಬೇರೆ ಇಟ್ಟಿರುವುದು ಅದಕ್ಕೇ. ಒಂದಕ್ಕೆ ಆಕ್ಷೇಪವಿದ್ದರೂ ಉಳಿದೆರಡು ನಿಲ್ಲುವುದಿಲ್ಲ. ಅನುಕೂಲವಲ್ಲದ ಸಂಗತಿಯನ್ನು, ಅಂದರೆ ಚಿತ್ರಗಳು ಬಂದಿಲ್ಲ ಎಂಬುದನ್ನು, ಮರೆಮಾಚದೆ ಹೇಳಿರುವುದನ್ನೂ ಗಮನಿಸಿ.

ಅನುಮೋದನೆ ಸಿಕ್ಕ ಮೇಲೆ ಪತ್ರದ ರೂಪಗಳ ಮಾತು ಬರುತ್ತದೆ. ಜಿಲ್ಲಾ ಪಂಚಾಯತಿಗೆ ಹೋಗುವುದು ಪತ್ರ. ಅದರಲ್ಲಿ 'ಮಾನ್ಯರೇ' ಇರುತ್ತದೆ, ಕೊನೆಗೆ 'ಕೋರಿದೆ' ಇರುತ್ತದೆ. ಭದ್ರಾವತಿಗೆ ಹೋಗುವುದು ಜ್ಞಾಪನ. ಅದಕ್ಕೆ ಸಂಬೋಧನೆ ಇಲ್ಲ, ಅಲ್ಲಿ 'ಸೂಚಿಸಿದೆ' ಎಂದು ಬರುತ್ತದೆ. ಶಾಲಾಭಿವೃದ್ಧಿ ಸಮಿತಿಯ ಪೋಷಕರೊಬ್ಬರು ತಾವೇ ಅರ್ಜಿ ಕೊಟ್ಟಿದ್ದರೆ ಅವರಿಗೆ ಹೋಗುವುದು ಹಿಂಬರಹ. ಮೂರರ ಪೈಕಿ ಹಿಂಬರಹಕ್ಕೇ ಹೆಚ್ಚು ಶ್ರದ್ಧೆ ಬೇಕು ಎನ್ನುತ್ತೇನೆ ನಾನು. ಕಚೇರಿಯ ಒಳಗಿನವರಿಗೆ ಸಂಖ್ಯೆ ತಪ್ಪಿದರೆ ಫೋನಿನಲ್ಲಿ ಕೇಳಿ ಸರಿಪಡಿಸಿಕೊಳ್ಳುತ್ತಾರೆ. ಹಳ್ಳಿಯ ಪೋಷಕರಿಗೆ ಆ ಹಿಂಬರಹ ಒಂದೇ ಆಧಾರ. ಅದರಲ್ಲಿ ಅವರ ಅರ್ಜಿಯ ದಿನಾಂಕ, ಕಚೇರಿಯ ಕಡತ ಸಂಖ್ಯೆ, ಈಗ ವಿಷಯ ಯಾರ ಮುಂದಿದೆ ಎಂಬುದು ಇರಲೇಬೇಕು. 'ನಿಯಮಾನುಸಾರ ಅವಕಾಶವಿರುವುದಿಲ್ಲ' ಎಂದು ಬರೆಯುವುದಾದರೆ ಯಾವ ನಿಯಮ ಎಂದೂ ಬರೆಯಬೇಕು. ಅದಿಲ್ಲದೆ ಅವರು ಮೇಲ್ಮನವಿ ಹೋಗುವುದು ಹೇಗೆ?

ಟಿಪ್ಪಣಿ ಹಾಳೆ ಕಚೇರಿಯ ಖಾಸಗಿ ಮಾತು ಎಂಬ ಭಾವನೆ ಹಿಂದೆ ಇತ್ತು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಕಡತದ ಟಿಪ್ಪಣಿಗಳೂ ಮಾಹಿತಿಯೇ ಎಂದು ಕೇಂದ್ರ ಮಾಹಿತಿ ಆಯೋಗ 2006ರಲ್ಲಿ ಹೇಳಿತು. ಹಾಗಾಗಿ ಕಾಯ್ದೆ ಹೇಳುವ ವಿನಾಯಿತಿಗಳನ್ನು ಬಿಟ್ಟರೆ, ಆ ಮುಖ್ಯೋಪಾಧ್ಯಾಯರೋ ಪೋಷಕರೋ ನಿಮ್ಮ 9ರಿಂದ 12ರ ಕಂಡಿಕೆಗಳನ್ನು ಕೇಳಿ ಪಡೆಯಬಹುದು. ಬರೆದದ್ದನ್ನು ಬಿಳಿ ದ್ರವ ಹಚ್ಚಿ ಅಳಿಸಬಾರದು, ಮೇಲೆ ಕಾಗದ ಅಂಟಿಸಬಾರದು. ತಪ್ಪಾದರೆ ಓದಲು ಬರುವಂತೆ ಒಂದು ಗೆರೆ ಎಳೆದು ಚಿಕ್ಕ ಸಹಿ ಹಾಕಬೇಕು.

ಇ-ಆಫೀಸ್ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಯೆಲ್ಲೋ ನೋಟ್ ಅನ್ನು ತಿದ್ದಬಹುದು. ಗ್ರೀನ್ ನೋಟ್ ಆಗಿ ಕಡತ ಮುಂದೆ ಹೋದ ಮೇಲೆ ತಿದ್ದಲಾಗದು. ಕಡತ ಯಾರ ಬಳಿ ಎಷ್ಟು ಹೊತ್ತಿಗೆ ಹೋಯಿತು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಇದು ದೊಡ್ಡ ಅನುಕೂಲ, ಅನುಮಾನವಿಲ್ಲ. ಆದರೆ ಬಂದ ಪತ್ರವನ್ನು ಹಳೆಯ ಕಡತಕ್ಕೆ ಸೇರಿಸಬೇಕೋ ಹೊಸದು ತೆರೆಯಬೇಕೋ ಎಂಬುದನ್ನು ಅಲ್ಲಿಯೂ ಮನುಷ್ಯರೇ ತೀರ್ಮಾನಿಸುತ್ತಾರೆ. ಉಲ್ಲೇಖವಿಲ್ಲದ ಪತ್ರಕ್ಕೆ ಗಣಕದಲ್ಲೂ ಎರಡನೆಯ ಕಡತವೇ ಹುಟ್ಟುತ್ತದೆ, ಇನ್ನಷ್ಟು ಬೇಗ ಹುಟ್ಟುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು. ನೀವು ಕರಡು ಬರೆಯಬಹುದು, ಆದರೆ ಟಿಪ್ಪಣಿ ಹಾಳೆಯಲ್ಲಿ ಸಹಿ ಮಾಡುವಂತಿಲ್ಲ. ನಿಮ್ಮ ಕರಡನ್ನು ವಿಷಯ ನಿರ್ವಾಹಕರು ಓದಿ ತಮ್ಮದಾಗಿಸಿಕೊಂಡು ಮಂಡಿಸಬೇಕು. ಕಡತದ ಹಾಳೆಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿ. ನಿಮ್ಮ ಕಾಲೇಜಿನ ವರದಿಗೆ ಬೇಕಾದರೆ ಹೆಸರು, ಸಂಖ್ಯೆಗಳನ್ನು ಬಿಟ್ಟು ಕಡತ ಸಾಗಿದ ದಾರಿಯನ್ನಷ್ಟೇ ಬರೆಯಿರಿ. ಅರ್ಜಿಗಳ ಜೊತೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್‌ನ ಪುಟ ಇರುತ್ತವೆ. ಅವು ಜನ ನಂಬಿ ಕೊಟ್ಟ ಕಾಗದಗಳು.

ಕಚೇರಿಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಬಂದ ಇಂಟರ್ನ್‌ಗಳನ್ನು ಜೆರಾಕ್ಸ್ ಮಾಡಲು, ಪಟ್ಟಿ ಟೈಪ್ ಮಾಡಲು ಮಾತ್ರ ಕೂರಿಸಬೇಡಿ. ಉತ್ತರ ಬಾರದೆ ನಿಂತ ಒಂದು ಪತ್ರ ಕೊಟ್ಟು, ಅದು ಈಗ ಎಲ್ಲಿದೆ ಎಂದು ವಹಿಗಳನ್ನು ಹಿಡಿದು ಹುಡುಕಲು ಬಿಡಿ. ಮಧ್ಯಾಹ್ನದ ಗೋಷ್ಠಿ ಒಂದು ಪ್ರಶ್ನೆಯನ್ನಾದರೂ ಎತ್ತಿಕೊಳ್ಳಲಿ ಎಂಬುದು ನನ್ನ ಆಶಯ: ತಾಲ್ಲೂಕು ಕಚೇರಿಯಿಂದ ಜಿಲ್ಲಾ ಕಚೇರಿಗೆ ಬರುವ ಪ್ರತಿ ಪತ್ರದಲ್ಲಿ ಜಿಲ್ಲಾ ಕಚೇರಿಯ ಕಡತ ಸಂಖ್ಯೆಯೇ ಮೊದಲ ಉಲ್ಲೇಖವಾಗಿ ಇರಬೇಕು, ಇಲ್ಲದಿದ್ದರೆ ಟಪಾಲಿನಲ್ಲೇ ಕೇಳಿ ಬರೆಸಿಕೊಳ್ಳಬೇಕು ಎಂಬ ಪದ್ಧತಿಯನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಕಚೇರಿಗಳ ನಡುವೆ ತರಲು ಏನು ಅಡ್ಡಿ ಇದೆ? ಆ ಕೆಲಸ ಯಾರ ಮೇಜಿನ ಮೇಲೆ ಬೀಳುತ್ತದೆ, ಅವರಿಗೆ ಅಷ್ಟು ಸಮಯ ಇದೆಯೇ, ಎಂಬುದನ್ನು ಟಪಾಲು ನೋಡುವ ಸಿಬ್ಬಂದಿಯನ್ನೇ ಕೂರಿಸಿಕೊಂಡು ಮಾತಾಡಿ.